ನಮ್ಮ ಶಾಲೆಯ ಚುನಾವಣೆ ಬಗ್ಗೆ ಪೋಷಕರಿಗೊಂದು ಪತ್ರ

14 ಜುಲೈ 2025

8 ಮತ್ತು 9ನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಶನಿವಾರದ ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದರು: "ಟೀಚರ್, ಪಾಠ ಮುಗಿಸೋದೇ ಕಷ್ಟ. ಅದರ ಮಧ್ಯೆ ಈ ಎಲೆಕ್ಷನ್ ಯಾಕೆ? ಊರಲ್ಲಿ ನೋಡೋ ಜಗಳ ಸಾಲದಾ?" ಇನ್ನೂ ಕೆಲವರು ಹೌದು ಹೌದು ಎಂದು ತಲೆ ಆಡಿಸಿದರು. ಅವತ್ತು ಹೊತ್ತಾಗಿತ್ತು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಭಯ ಬೇಡ ಎನ್ನುವ ಮಾತು. ಇದರಲ್ಲಿ ಯಾವ ಪಕ್ಷವೂ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಮಕ್ಕಳು ಆರಿಸಿಕೊಂಡ ಚಿಹ್ನೆಗಳು ಬುಗುರಿ, ಹಲಸಿನಹಣ್ಣು, ಜಾಮಿಟ್ರಿ ಬಾಕ್ಸ್. ಊರಿನ ಮುಖಂಡರ ಹೆಸರು ಎತ್ತುವಂತಿಲ್ಲ, ಜಾತಿ ಮಾತು ತರುವಂತಿಲ್ಲ. ಇದಕ್ಕೆ ಹೋಗುವುದು ಸಮಾಜ ವಿಜ್ಞಾನದ ಆರು ಪೀರಿಯಡ್ ಮಾತ್ರ. ಆ ಆರರಲ್ಲಿ ನಾನು ಹೇಗಿದ್ದರೂ ಮಾಡಬೇಕಿದ್ದ ಪಾಠವೂ ಚುನಾವಣೆಯದ್ದೇ.

ಹಾಗಾದರೆ ಪುಸ್ತಕ ಓದಿಸಿದರೆ ಸಾಲದೇ? ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. "ಗುಪ್ತ ಮತದಾನ ಎಂದರೇನು?" ಎಂದು ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ ಉತ್ತರ ಒಪ್ಪಿಸುತ್ತಿದ್ದರು. ಅದು ಯಾಕೆ ಬೇಕು ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು.

ಕಳೆದ ವರ್ಷ ಒಬ್ಬ ಅಭ್ಯರ್ಥಿ 8ನೇ ತರಗತಿಗೆಲ್ಲ ಚಿಕ್ಕಿ ಹಂಚಿಬಿಟ್ಟ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ದೂರು ಬಂತು. ನಮ್ಮಲ್ಲಿ ಮೂರು ಮಕ್ಕಳ ಚುನಾವಣಾ ಆಯೋಗ ಇರುತ್ತದೆ, ಅವರು ವಿಚಾರಣೆಗೆ ಕೂತರು. ಆಗ 8ನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಚಿಕ್ಕಿ ಸುತ್ತಿದ್ದ ಕಾಗದ ಇನ್ನೂ ಇತ್ತು. "ಮಿಸ್, ನಾನು ತಿಂದುಬಿಟ್ಟೆ. ಈಗ ಅವನಿಗೇ ಹಾಕಬೇಕಾ?" ಎಂದಳು. ಅಳು ಬರುವಂತಿತ್ತು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಬೆಂಚಿನ ಹುಡುಗ ಹೇಳಿದ: "ನೀನು ಯಾರಿಗೆ ಹಾಕಿದೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ? ಪರದೆ ಹಿಂದೆ ತಾನೇ ಹಾಕೋದು?" ಗುಪ್ತ ಮತದಾನದ ಪಾಠವನ್ನು ಅವತ್ತು ಅವನು ಮಾಡಿದ, ನಾನಲ್ಲ. ಚಿಕ್ಕಿ ಹಂಚಿದವನಿಗೆ ಒಂದು ದಿನ ಪ್ರಚಾರ ಬಂದ್ ಎಂದು ಆಯೋಗ ತೀರ್ಪು ಕೊಟ್ಟಿತು. ಅವನು ಒಪ್ಪಿಕೊಂಡ.

ಮತದಾರರ ಪಟ್ಟಿಯನ್ನೂ ಮಕ್ಕಳೇ ಬರೆಯುತ್ತಾರೆ. ಹೋದ ಸಲ ಒಬ್ಬ ಹುಡುಗಿಯ ಹೆಸರೇ ಬಿಟ್ಟುಹೋಗಿತ್ತು. ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿದ ದಿನ ಅವಳು ನೋಡಲಿಲ್ಲ. ಕಡೇ ದಿನ ಗೆಳತಿಯೊಬ್ಬಳು ಹೇಳಿದ್ದರಿಂದ ಓಡಿಬಂದು ಅರ್ಜಿ ಕೊಟ್ಟಳು. ಆಗ ನಾನು ಅವರಿಗೆ 1951-52ರ ಮೊದಲ ಮಹಾಚುನಾವಣೆಯ ಸಂಗತಿ ಹೇಳಿದೆ. ಆಗ ಎಷ್ಟೋ ಹೆಂಗಸರು ಪಟ್ಟಿ ಬರೆಯಲು ಬಂದವರ ಹತ್ತಿರ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿದರು. ಹಾಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇದನ್ನು ಮಾಮೂಲಿ ಪಾಠದಲ್ಲಿ ಹೇಳಿದ್ದರೆ ಒಂದು ಅಂಕಿ ಅಷ್ಟೇ. ತನ್ನದೇ ಹೆಸರು ಪಟ್ಟಿಯಲ್ಲಿ ಕಾಣದವಳ ಮುಂದೆ ಹೇಳಿದಾಗ ತರಗತಿಯೇ ನಿಶ್ಶಬ್ದವಾಯಿತು.

ಜಗಳದ ಮಾತಿಗೆ ಬರುತ್ತೇನೆ. ಜಗಳ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಕಳೆದ ವರ್ಷ 86 ಮತಗಳಲ್ಲಿ ಒಬ್ಬ ಹುಡುಗ ಬರೀ ಎರಡು ಮತದಿಂದ ಸೋತ. ಎರಡು ಚಿಹ್ನೆಗೂ ಗುರುತು ಬಿದ್ದಿದ್ದ ಚೀಟಿ ತನ್ನದೇ ಎಂದು ಹಠ ಹಿಡಿದ. ಮರು ಎಣಿಕೆ ಕೇಳಿದ, ಮಾಡಿದೆವು. ಲೆಕ್ಕ ಅಷ್ಟೇ ಬಂತು. ನೀರಿನ ಟ್ಯಾಂಕ್ ಹತ್ತಿರ ಹೋಗಿ ಕೂತವನು ಹದಿನೈದು ನಿಮಿಷ ಬಿಟ್ಟು ಬಂದು ಫಲಿತಾಂಶದ ಹಾಳೆಗೆ ಸಹಿ ಹಾಕಿದ. ಸೋತು ಸಹಿ ಹಾಕುವುದನ್ನು ನಾನು ಬೋರ್ಡಿನ ಮೇಲೆ ಬರೆದು ಕಲಿಸಲಾರೆ. ಜಗಳ ಆಡಿ, ನಿಯಮ ಓದಿ, ಒಪ್ಪಿಕೊಳ್ಳುವುದನ್ನು ಮಕ್ಕಳು ನಮ್ಮ ಕಣ್ಣೆದುರಿಗೇ ಕಲಿಯಲಿ. ಇನ್ನು ನಾಲ್ಕೈದು ವರ್ಷಕ್ಕೆ ಇವರಿಗೆ 18 ತುಂಬುತ್ತದೆ, ನಿಜವಾದ ಬೂತಿನ ಸಾಲಿನಲ್ಲಿ ನಿಲ್ಲುತ್ತಾರೆ, ಅಲ್ವಾ?

ಮತದಾನ ಗುರುವಾರ, 24ನೇ ತಾರೀಖು. ಅವತ್ತು ಮಗು ಎಡಗೈ ಬೆರಳಿಗೆ ನೀಲಿ ಗುರುತು ಹಾಕಿಸಿಕೊಂಡು ಬಂದರೆ ಗಾಬರಿ ಬೇಡ. ಅದು ನಿಜವಾದ ಚುನಾವಣೆಗೆ ಮೈಸೂರಿನಲ್ಲಿ ತಯಾರಾಗುವ ಶಾಯಿ ಅಲ್ಲ, ಸುಮ್ನೆ ಸ್ಕೆಚ್ ಪೆನ್. ಸೋಪು ಹಾಕಿ ತಿಕ್ಕಿದರೆ ಹೋಗುತ್ತದೆ.

ನಿಮ್ಮಿಂದ ಎರಡು ಸಹಾಯ ಬೇಕು. ಇಂಥವರಿಗೇ ಹಾಕು ಎಂದು ಮನೆಯಲ್ಲಿ ಹೇಳಬೇಡಿ. ಹಾಕಿ ಬಂದ ಮೇಲೆ ಯಾರಿಗೆ ಹಾಕಿದೆ ಎಂದು ಕೇಳಲೂಬೇಡಿ. ಎಣಿಕೆ ಶುಕ್ರವಾರ ಮಧ್ಯಾಹ್ನ 3 ಗಂಟೆಗೆ, ಪ್ರಾರ್ಥನೆ ಮಾಡುವ ಹಾಲಿನಲ್ಲಿ. ಬಿಡುವಿದ್ದವರು ಬನ್ನಿ. ಹಿಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಹಾಕಿರುತ್ತೇವೆ.

ಇಂತಿ,
ನಿಮ್ಮ ಮಕ್ಕಳ ಸಮಾಜ ವಿಜ್ಞಾನ ಶಿಕ್ಷಕಿ