ಅರೇಬಿಕಾದಿಂದ ರೊಬಸ್ಟಾಕ್ಕೆ: ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರ ಆರ್ಥಿಕ ಅಧ್ಯಯನ

ಪಿಎಚ್.ಡಿ. ನೋಂದಣಿಗಾಗಿ ಸಂಶೋಧನಾ ಸಾರಲೇಖ, ಅರ್ಥಶಾಸ್ತ್ರ ವಿಭಾಗ

ಸಮಸ್ಯೆ: ಬಿಳಿ ಕಾಂಡಕೊರಕ ಅರೇಬಿಕಾ ಗಿಡವನ್ನು ಒಳಗಿನಿಂದ ಕೊರೆಯುತ್ತದೆ. ನೆರಳು ತೆಳುವಾದ ತೋಟದಲ್ಲಿ ಅದರ ಹಾವಳಿ ಹೆಚ್ಚು. ಬಾಧಿತ ಗಿಡವನ್ನು ಕಿತ್ತು ಸುಡಬೇಕು. ರೊಬಸ್ಟಾಕ್ಕೆ ಈ ಕಾಟ ಅಷ್ಟಾಗಿ ಇಲ್ಲ. ಆದರೆ ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಬೇಕು. ಅದಕ್ಕೆ ಕೆರೆ, ಪಂಪು, ಡೀಸೆಲ್ ಬೇಕು. ಗಿಡ ಬದಲಿಸುವುದು ಸುಲಭ ಪರಿಹಾರವೆಂಬ ಮಾತನ್ನು ಈ ಖರ್ಚಿನ ಎದುರು ತೂಗಿ ನೋಡಬೇಕಿದೆ.

ಉದ್ದೇಶ: ಬದಲಾವಣೆಯ ಕಾರಣಗಳನ್ನು ಗುರುತಿಸುವುದು, ಹೊಸ ಗಿಡ ಫಸಲಿಗೆ ಬರುವವರೆಗಿನ ಆದಾಯದ ಕೊರತೆಯನ್ನು ಕುಟುಂಬಗಳು ಹೇಗೆ ತುಂಬಿಕೊಳ್ಳುತ್ತವೆ ಎಂದು ತಿಳಿಯುವುದು. ಎರಡನೆಯದೇ ಪ್ರಬಂಧದ ತಿರುಳು.

ಪ್ರಾಕ್ಕಲ್ಪನೆ: ಬದಲಾವಣೆಗೆ ಬೆಲೆಗಿಂತ ಕೀಟಬಾಧೆ ಬಲವಾದ ಕಾರಣ. ಸ್ವಂತ ನೀರಿನ ಮೂಲವಿಲ್ಲದ ತೋಟಗಳಲ್ಲಿ ಎಕರೆವಾರು ನಿವ್ವಳ ಆದಾಯ ಹೆಚ್ಚುವುದಿಲ್ಲ.

ವಿಧಾನ: 10 ಹೆಕ್ಟೇರ್‌ವರೆಗಿನ ಹಿಡುವಳಿಯ 180 ಕುಟುಂಬಗಳನ್ನು ಸ್ತರೀಕೃತ ಯಾದೃಚ್ಛಿಕ ಮಾದರಿಯಲ್ಲಿ ಆಯ್ದು, ಬದಲಿಸಿದವರನ್ನೂ ಬದಲಿಸದವರನ್ನೂ ಹೋಲಿಸಲಾಗುವುದು. ಕಾರಣಗಳಿಗೆ ಲಾಜಿಸ್ಟಿಕ್ ಹಿಂಚಲನ, ಆದಾಯಕ್ಕೆ ಸರಾಸರಿಗಳ ಹೋಲಿಕೆ ಬಳಕೆಯಾಗಲಿದೆ. ಬೆಳೆಗಾರರ ನೆನಪಿನ ಲೆಕ್ಕವನ್ನಷ್ಟೇ ನಂಬದೆ, ಮಾರಾಟದ ಚೀಟಿ ಮತ್ತು ಕೂಲಿ ಪುಸ್ತಕಗಳೊಂದಿಗೆ ತಾಳೆ ನೋಡಲಾಗುವುದು.

ಕಾಲಾವಧಿ: ಮೂರು ವರ್ಷ. ಮೊದಲ ವರ್ಷ ಸಾಹಿತ್ಯ ಸಮೀಕ್ಷೆ ಮತ್ತು ಪ್ರಶ್ನಾವಳಿಯ ಪೂರ್ವಪರೀಕ್ಷೆ. ಎರಡನೆಯ ವರ್ಷ ಕ್ಷೇತ್ರಕಾರ್ಯ. ಕೊಯ್ಲಿನ ದಿನಗಳಲ್ಲಿ ಬೆಳೆಗಾರರಿಗೆ ಬಿಡುವಿಲ್ಲದ ಕಾರಣ ಸಂದರ್ಶನಗಳು ಏಪ್ರಿಲ್ ನಂತರ. ಮೂರನೆಯ ವರ್ಷ ವಿಶ್ಲೇಷಣೆ, ಬರವಣಿಗೆ, ಪ್ರಬಂಧ ಸಲ್ಲಿಕೆ.