ಮದುವೆಯ ದಿನ ತೆರೆಯಬೇಕಾದ ಪತ್ರ

ನನ್ನ ಪ್ರೀತಿಯ ಮಗಳೇ,

ನೀನು ಹುಟ್ಟಿ ಇನ್ನೂ ವಾರ ತುಂಬಿಲ್ಲ, ನಿನಗೆ ಹೆಸರನ್ನೂ ಇಟ್ಟಿಲ್ಲ. ಆದರೂ ನಿನ್ನ ಮದುವೆಯ ದಿನಕ್ಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ. ಏಕೆಂದರೆ ಯಾವ ನಿರೀಕ್ಷೆಯನ್ನೂ ಹೊರಿಸದೆ ನಿನ್ನನ್ನು ಕೇವಲ ನೀನಾಗಿ ನೋಡುವುದು ಈಗಿನಷ್ಟು ಸುಲಭವಾಗಿ ಮುಂದೆಂದೂ ನನಗೆ ಸಾಧ್ಯವಾಗಲಾರದು. (ನೀನು ಮದುವೆಯೇ ಬೇಡವೆಂದು ನಿರ್ಧರಿಸಿ ಈ ಲಕೋಟೆ ಮುಚ್ಚಿಯೇ ಉಳಿದರೂ ನನಗೆ ಬೇಸರವಿಲ್ಲ.)

ಹಸುಗೂಸಿನ ಕಣ್ಣಿಗೆ 20ರಿಂದ 30 ಸೆಂಟಿಮೀಟರಿನಾಚೆ ಎಲ್ಲವೂ ಮಸುಕಂತೆ. ಎದೆಹಾಲು ಕುಡಿಯುವಾಗ ನಿನಗೂ ನನ್ನ ಮುಖಕ್ಕೂ ನಡುವೆ ಇರುವುದು ಸರಿಸುಮಾರು ಅಷ್ಟೇ ದೂರ, ಹಾಗಾಗಿ ಸದ್ಯಕ್ಕೆ ನಿನ್ನ ಲೋಕವೆಂದರೆ ನಾನು. ಆ ಲೋಕವು ದೊಡ್ಡದಾಗುತ್ತ ಹೋಗಿ, ಇಂದು ಅದರೊಳಗೆ ನೀನೇ ಮನಸಾರೆ ಆರಿಸಿಕೊಂಡ ಒಬ್ಬರು ಬಂದು ನಿಂತಿದ್ದಾರೆಂದರೆ, ನಾನು ಬಯಸಿದ್ದು ನಡೆದಿದೆ.

ಹಸಿವಾದರೆ ನೀನೀಗ ಮನೆಯೆಲ್ಲ ಕೇಳುವಂತೆ ಅಳುತ್ತೀಯೆ. ನಿನ್ನ ಅಪ್ಪ ನಡುರಾತ್ರಿಯಲ್ಲೂ ಧಡಪಡಿಸಿ ಎದ್ದು ನಿನ್ನನ್ನು ಎತ್ತಿಕೊಳ್ಳುತ್ತಾರೆ. ಬೇಕಾದುದನ್ನು ಸಂಕೋಚವಿಲ್ಲದೆ ಕೇಳುವ ಆ ಸ್ವಭಾವವನ್ನು ಸಂಸಾರದ ಶಾಂತಿಗಾಗಿ ಬಿಟ್ಟುಕೊಡಬೇಡ, ಮತ್ತು ನಿನ್ನ ಸಂಗಾತಿಯೂ ಹಾಗೆಯೇ ಕೇಳಲು ಅವಕಾಶ ಕೊಡು. ಹಣದ ವಿಷಯವನ್ನು ಇಬ್ಬರೂ ಬಚ್ಚಿಡದೆ ಮಾತಾಡಿಕೊಳ್ಳಿ. ಜಗಳವಾದರೆ ಹೆದರಬೇಡ, ಆದರೆ ಅವಮಾನವನ್ನು ಮಾತ್ರ ಸಹಿಸಬೇಡ. ಅಂಥ ದಿನ ಬಂದರೆ ಕಾರಣ ವಿವರಿಸುವ ಅಗತ್ಯವಿಲ್ಲದೆ ಈ ಮನೆಗೆ ಬಾ.

ನಾನು ಅಲ್ಲೇ ಎಲ್ಲಾದರೂ ಓಡಾಡುತ್ತಿದ್ದರೆ, ಇದನ್ನು ಓದಿದ ಕೂಡಲೇ ನನ್ನನ್ನು ಕರೆ, ಮಗಳೇ.

ನಿನ್ನ ಅಮ್ಮ