ವಿಷಯ: ದಿನದ ಎಪಿಐ ಮಿತಿಯನ್ನು 5,000ದಿಂದ 8,000ಕ್ಕೆ ಏರಿಸಿಕೊಡಿ

ನಮಸ್ಕಾರ,

ನಿಮ್ಮ ಹವಾಮಾನ ಡೇಟಾವನ್ನು ನಮ್ಮ ಸರ್ವರ್ ದಿನಾ ರಾತ್ರಿ 2 ಗಂಟೆಗೆ ತಾನಾಗಿಯೇ ಡೌನ್‌ಲೋಡ್ ಮಾಡುತ್ತದೆ. ಒಟ್ಟು 1,200 ಕೇಂದ್ರಗಳಿವೆ, ಒಂದೊಂದಕ್ಕೂ 5 ಪುಟ, ಅಂದರೆ 6,000 ರಿಕ್ವೆಸ್ಟ್. ಮಿತಿ ಇರುವುದು 5,000. ಹಾಗಾಗಿ ಸಾವಿರ ಕೇಂದ್ರ ಮುಗಿಯುತ್ತಿದ್ದಂತೆ ಈ ಉತ್ತರ ಬರುತ್ತದೆ:

```
HTTP/1.1 429 Too Many Requests
```

ಪಟ್ಟಿಯ ಕೊನೆಯ 200 ಕೇಂದ್ರಗಳು ಪ್ರತಿ ಸಲ ಹೊರಗೇ ಉಳಿಯುತ್ತವೆ. ಸರದಿ ಬದಲಿಸಿದರೆ ಬೇರೆ 200 ತಪ್ಪುತ್ತವೆ, ಅಷ್ಟೇ ಅಲ್ವಾ?

ಸುಮ್ನೆ ಜಾಸ್ತಿ ಕೇಳುತ್ತಿಲ್ಲ. ಒಮ್ಮೆ ಬಂದದ್ದನ್ನು ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ, ರಿಕ್ವೆಸ್ಟ್‌ಗಳ ನಡುವೆ ಒಂದು ಸೆಕೆಂಡ್ ಬಿಡುತ್ತೇವೆ, 429 ಬಂದ ಕೂಡಲೇ ನಿಲ್ಲಿಸುತ್ತೇವೆ. ಇನ್ನೊಂದು ಖಾತೆ ತೆರೆದು ಕೀ ಬದಲಿಸುವ ಉಪಾಯ ಇದೆ, ಆದರೆ ಅದು ಸರಿಯಲ್ಲ, ನಿಮಗೂ ಇಷ್ಟವಾಗಲಿಕ್ಕಿಲ್ಲ. 6,000ದ ಮೇಲೆ ಕೇಳಿರುವುದು ನೆಟ್‌ವರ್ಕ್ ಕೈಕೊಟ್ಟಾಗ ಮತ್ತೆ ಪ್ರಯತ್ನಿಸಲು.

ಮಿತಿ ಏರಿಸಲು ಆಗದಿದ್ದರೆ ಒಂದು ಪುಟಕ್ಕೆ ಈಗ ಬರುವ 100 ದಾಖಲೆಗಳನ್ನು 500 ಮಾಡಿಕೊಡಿ. ಆಗ 1,200 ರಿಕ್ವೆಸ್ಟ್‌ನಲ್ಲೇ ಕೆಲಸ ಮುಗಿಯುತ್ತದೆ, ನಿಮ್ಮ ಸರ್ವರ್‌ಗೂ ಹೊರೆ ಕಡಿಮೆ. ನಿಜ ಹೇಳಬೇಕೆಂದರೆ ನನಗೆ ಇದೇ ಹೆಚ್ಚು ಇಷ್ಟ. ಇದಕ್ಕೆ ಬೇರೆ ಶುಲ್ಕ ಇದ್ದರೆ ಮೊದಲೇ ತಿಳಿಸಿ.

ಈ ಮೇಲ್ ಕಳಿಸಿರುವುದು ಖಾತೆಯ ನೋಂದಾಯಿತ ವಿಳಾಸದಿಂದಲೇ. ಲಾಗ್ ಬೇಕಿದ್ದರೆ ಕಳಿಸುತ್ತೇನೆ.

ವಂದನೆಗಳು,
ಡೇಟಾ ವಿಭಾಗದಿಂದ